ಎಗ್ಸಾಮ್, ಫ್ರಿಜ್, ಫೋನ್, ಫ್ಲೂ: ತುಂಡು ಪದಗಳು ಪೂರ್ಣ ಪದಗಳಾದ ಬಗೆ

ಪ್ರಶ್ನೆ: ಎಗ್ಸಾಮ್, ಫ್ರಿಜ್, ಫೋನ್, ಫ್ಲೂ ಇವೆಲ್ಲ ಕತ್ತರಿಸಿದ ಪದಗಳಂತೆ. ಹಾಗಾದರೆ ಇವು ಸರಿಯಾದ ಪದಗಳಾಗಿದ್ದು ಹೇಗೆ?

ಉತ್ತರ: ಮೊದಲು ಒಂದು ಗುಂಪಿನವರು ಮಾತಿನಲ್ಲಿ ಪದವನ್ನು ತುಂಡು ಮಾಡುತ್ತಾರೆ. ಎಗ್ಸಾಮಿನೇಶನ್ ಎಂಬುದು ದಿನಕ್ಕೆ ಹತ್ತು ಸಲ ಬೇಕಾಗುವುದು ವಿದ್ಯಾರ್ಥಿಗಳಿಗೆ. ಅವರ ಬಾಯಲ್ಲಿ ಅದು ಎಗ್ಸಾಮ್ ಆಯಿತು. ಅಲ್ಲಿ ಬಾಲ ಹೋಯಿತು, ಟೆಲಿಫೋನ್‌ನಲ್ಲಿ ತಲೆ ಹೋಯಿತು, ಇನ್‌ಫ್ಲುಯೆಂಜಾದಲ್ಲಿ ನಡುವಿನ ಚೂರು ಮಾತ್ರ ಉಳಿಯಿತು.

ಆ ತುಂಡು ಸ್ವತಂತ್ರ ಪದವಾಯಿತೆಂದು ಗೊತ್ತಾಗುವುದು ಬರವಣಿಗೆಯಲ್ಲಿ. ಇಂಗ್ಲಿಷಿನಲ್ಲಿ ಮೊದಮೊದಲು ಫೋನ್ ಪದದ ಹಿಂದೆ, ಅಕ್ಷರ ಬಿಟ್ಟಿದೆ ಎಂದು ತೋರಿಸುವ ಚಿಹ್ನೆ ಹಾಕುತ್ತಿದ್ದರು: 'phone. ಬರಬರುತ್ತ ಅದನ್ನು ಕೈಬಿಟ್ಟರು. ಫ್ರಿಜ್ ಇನ್ನೂ ಸೊಗಸಾದ ಉದಾಹರಣೆ. refrigerator ಪದದಲ್ಲಿ d ಇಲ್ಲವೇ ಇಲ್ಲ. ಆದರೆ frig ಎಂದಷ್ಟೇ ಬರೆದರೆ ಓದುವವರು 'ಫ್ರಿಗ್' ಎನ್ನುತ್ತಾರೆ. ಅದಕ್ಕೇ bridge ಪದದ ಮಾದರಿಯಲ್ಲಿ fridge ಬಂತು. ತನ್ನದೇ ಕಾಗುಣಿತ ಸಿಕ್ಕ ಮೇಲೆ ಅದನ್ನು ಬರೀ ತುಂಡು ಎನ್ನಲಾಗದು.

ಕೊನೆಯ ಹಂತದಲ್ಲಿ ಮೂಲವೇ ಮರೆಯಾಗುತ್ತದೆ. ಬಸ್ ನೋಡಿ. ಲ್ಯಾಟಿನ್‌ನ 'ಓಮ್ನಿಬಸ್' ಎಂದರೆ 'ಎಲ್ಲರಿಗಾಗಿ'. ಅದರಲ್ಲಿ 'ಎಲ್ಲ' ಎಂಬರ್ಥದ ಭಾಗ ಪೂರ್ತಿ ಉದುರಿ, ನಮ್ಮ 'ಇಗೆ'ಯಂಥ ವಿಭಕ್ತಿ ಪ್ರತ್ಯಯದ ಬಾಲವಷ್ಟೇ ವಾಹನದ ಹೆಸರಾಗಿ ನಿಂತಿದೆ! ಆ ಬಾಲಕ್ಕೇ ನಾವು ಮತ್ತೆ ಪ್ರತ್ಯಯ ಹಚ್ಚಿ 'ಬಸ್ಸಿಗೆ' ಅನ್ನುತ್ತೇವೆ.

ಎಲ್ಲ ತುಂಡುಗಳೂ ಹೀಗೆ ಬದುಕುವುದಿಲ್ಲ. 1710ರಲ್ಲಿ ಲೇಖಕ ಜೊನಾಥನ್ ಸ್ವಿಫ್ಟ್ ಇಂಥ ಪದಗಳನ್ನು ಖಂಡಿಸಿ ಬರೆದಾಗ ಪಟ್ಟಿಯಲ್ಲಿ ಪುಂಡರ ಗುಂಪು ಎಂಬರ್ಥದ 'ಮಾಬ್' ಇತ್ತು, 'ಪಾಸಿಟಿವ್'ನ ತುಂಡಾದ 'ಪಾಜ್' ಕೂಡ ಇತ್ತು. ಪಾಜ್ ಬಳಕೆಯಿಂದ ಹೋಯಿತು; ಮಾಬ್ ಇಂದಿಗೂ ಪತ್ರಿಕೆಗಳಲ್ಲಿದೆ.