ಗೊಂಬೆ ಪೆಟ್ಟಿಗೆ ಇಳಿಸುವಾಗ ಬಿದ್ದರೆ ಖರ್ಚು ಯಾರದು?

ಪ್ರಶ್ನೆ: ದಸರಾಗೆ ಗೊಂಬೆ ಕೂರಿಸಲು ಅಟ್ಟದ ಮೇಲಿನ ಪೆಟ್ಟಿಗೆ ಇಳಿಸಿಕೊಡಮ್ಮ ಅಂದೆ. ಕೆಲಸದವರು ಪ್ಲಾಸ್ಟಿಕ್ ಸ್ಟೂಲ್ ಹತ್ತಿದರು, ಅದರ ಕಾಲು ಮುರಿದು ಬಿದ್ದು ಬಲಗೈ ಮಣಿಕಟ್ಟು ಮುರಿಯಿತು. ಐದು ಸಾವಿರ ಅಡ್ವಾನ್ಸ್ ಅಂತ ಕೊಟ್ಟೆ. ಈಗ ಅವರ ಮಗ ಆಸ್ಪತ್ರೆಯ 22,000 ರೂಪಾಯಿ ಜೊತೆಗೆ ಸಂಬಳವೂ ಬೇಕು ಅನ್ನುತ್ತಾನೆ. ಕಾಗದಪತ್ರ ಏನೂ ಮಾಡಿಕೊಂಡಿಲ್ಲ. ನೋಡಿಕೊಂಡು ಹತ್ತಬೇಕಿದ್ದುದು ಅವರಲ್ಲವೆ? – ಗೃಹಿಣಿ, ಕುವೆಂಪುನಗರ, ಮೈಸೂರು

ಉತ್ತರ: ಕಾಗದ ಇಲ್ಲ ಎಂಬುದನ್ನು ಮರೆತುಬಿಡಿ, ಅದು ನಿಮ್ಮನ್ನು ಕಾಪಾಡುವುದಿಲ್ಲ. ಬಾಯಿಮಾತಿನ ಒಪ್ಪಂದವೂ ಒಪ್ಪಂದವೇ. ಫೋನ್‌ಪೇಯಲ್ಲಿ ತಿಂಗಳು ತಿಂಗಳು ಹೋದ ಸಂಬಳ, 'ನಾಳೆ ಬೇಗ ಬಾ' ಎಂಬ ವಾಟ್ಸಾಪ್ ಸಂದೇಶ, ಎದುರು ಮನೆಯವರ ಒಂದು ಮಾತು, ಇಷ್ಟಿದ್ದರೆ ಅವರು ನಿಮ್ಮಲ್ಲಿ ಕೆಲಸಕ್ಕಿದ್ದರು ಎಂದು ರುಜುವಾಗುತ್ತದೆ. ಅದಕ್ಕಿಂತ ಮುಖ್ಯವಾಗಿ, ನಿಮ್ಮ ಹೊಣೆ ಹುಟ್ಟುವುದೇ ಒಪ್ಪಂದದಿಂದಲ್ಲ. ಕೆಲಸ ಹೇಳಿದವರು ಅದಕ್ಕೆ ತಕ್ಕ ಸಲಕರಣೆ ಕೊಡಬೇಕು, ಅಪಾಯವಿಲ್ಲದ ಹಾಗೆ ಮಾಡಿಸಬೇಕು. ಅದರಲ್ಲಿ ಅಜಾಗರೂಕತೆ ಆಗಿ ಪೆಟ್ಟಾದರೆ ಸಿವಿಲ್ ನ್ಯಾಯಾಲಯದಲ್ಲಿ ನಷ್ಟಪರಿಹಾರ ಕೇಳಬಹುದು.

ಒಂದು ವ್ಯತ್ಯಾಸ ಗಮನಿಸಿ. ಕಾರ್ಖಾನೆ, ಕಟ್ಟಡ ಕೆಲಸಗಳಲ್ಲಿ ತಪ್ಪು ಯಾರದೆಂದು ನೋಡದೆ ಪರಿಹಾರ ಕೊಡಿಸುವ ಕಾನೂನಿದೆ. ಸಾಮಾನ್ಯ ಮನೆಗೆಲಸ ಅದರ ಪಟ್ಟಿಯಲ್ಲಿಲ್ಲ. ಹಾಗಾಗಿ ನಿಮ್ಮ ಕಡೆಯಿಂದ ತಪ್ಪಾಗಿದೆ ಎಂದು ಅವರೇ ಸಾಬೀತು ಮಾಡಬೇಕು. ನಿಮ್ಮ ವಿಷಯದಲ್ಲಿ ಅದು ಕಷ್ಟವಲ್ಲ. ಹತ್ತಲು ಹೇಳಿದವರು ನೀವು, ಸ್ಟೂಲ್ ನಿಮ್ಮದು, ಇಳಿಸಬೇಕಿದ್ದುದು ಭಾರದ ಪೆಟ್ಟಿಗೆ. ಆ ಸ್ಟೂಲಿನ ಕಾಲು ಮೊದಲೇ ಬಿರುಕು ಬಿಟ್ಟಿತ್ತೆ, ಅಲ್ಲಾಡುತ್ತೆ ಅಂತ ಅವರು ಹಿಂದೆ ಹೇಳಿದ್ದರೆ, ಆಗ ಯಾರಾದರೂ ಹಿಡಿದುಕೊಂಡಿದ್ದರೆ? ನ್ಯಾಯಾಲಯ ಕೇಳುವುದು ಇದನ್ನೇ. ಗಟ್ಟಿ ಏಣಿ ಪಕ್ಕದಲ್ಲೇ ಇದ್ದು, ಬೇಡವೆಂದರೂ ಅವರಾಗಿಯೇ ಸ್ಟೂಲ್ ಹತ್ತಿದ್ದರೆ ಮಾತು ಬೇರೆ. (ಮುರಿದ ಸ್ಟೂಲನ್ನು ಗುಜರಿಗೆ ಹಾಕಬೇಡಿ. ಸಾಕ್ಷ್ಯ ಮುಚ್ಚಿಟ್ಟಿರಿ ಎಂಬ ಮಾತು ಬರುತ್ತದೆ.)

'ಅವರು ನೋಡಿಕೊಳ್ಳಬೇಕಿತ್ತು' ಎಂಬ ನಿಮ್ಮ ವಾದಕ್ಕೂ ಬೆಲೆ ಇದೆ. ಆದರೆ ಅದರಿಂದ ಮೊತ್ತ ಕಡಿಮೆಯಾಗಬಹುದೇ ಹೊರತು ಹೊಣೆ ಅಳಿಸಿಹೋಗುವುದು ಅಪರೂಪ.

ಲೆಕ್ಕ ಹೀಗೆ ಹೋಗುತ್ತದೆ. ಆಸ್ಪತ್ರೆ ಬಿಲ್ಲು 22,000. ಅವರು ನಾಲ್ಕು ಮನೆ ಮಾಡುತ್ತಾ ತಿಂಗಳಿಗೆ 10,000 ದುಡಿಯುತ್ತಿದ್ದರು ಅಂತಿಟ್ಟುಕೊಳ್ಳಿ. ಹೆಚ್ಚಿನವರು ಎಡವುವುದು ಇಲ್ಲೇ: ನಷ್ಟ ನಿಮ್ಮ ಮನೆಯ ಸಂಬಳದ್ದು ಮಾತ್ರವಲ್ಲ, ನಾಲ್ಕೂ ಮನೆಯದು. ಆರು ವಾರ ಪಟ್ಟಿ, ಆಮೇಲೆ ಪಾತ್ರೆ ಉಜ್ಜಿ ಬಟ್ಟೆ ಹಿಂಡುವಷ್ಟು ಕೈ ಸುಧಾರಿಸಲು ಇನ್ನೊಂದು ತಿಂಗಳು. ಎರಡೂವರೆ ತಿಂಗಳಿಗೆ 25,000. ನೋವು, ಆಟೋ ಖರ್ಚು ಎಂದು 15,000 ಹಿಡಿದರೆ ಒಟ್ಟು 62,000. ಅವರ ತಪ್ಪು ಕಾಲು ಭಾಗ ಎಂದು ತೀರ್ಮಾನವಾದರೆ 46,500. ಕೊಟ್ಟಿರುವ 5,000 ಕಳೆದರೆ 41,500. ನ್ಯಾಯಾಲಯ ಇಷ್ಟೇ ಹೇಳುತ್ತದೆ ಎಂದಲ್ಲ, ಯಾವ ಯಾವ ಬಾಬ್ತು ಸೇರುತ್ತದೆ ಎಂದು ತಿಳಿಯಲಿ ಎಂದಷ್ಟೆ.

ಮಣಿಕಟ್ಟು ಸರಿಯಾಗಿ ಕೂಡದೆ ಹಿಡಿತ ಹೋದರೆ ಮೊತ್ತ ಏರುತ್ತದೆ. ಕಚೇರಿ ಕೆಲಸದವರಿಗೆ ಅಷ್ಟು ತೊಂದರೆ ಮಾಡದ ಊನ, ಬಟ್ಟೆ ಹಿಂಡಿ ಬದುಕುವವರ ಅನ್ನವನ್ನೇ ಕಿತ್ತುಕೊಳ್ಳಬಹುದು. ಆದ್ದರಿಂದ ಪಟ್ಟಿ ಬಿಚ್ಚಿ ವೈದ್ಯರು ನೋಡುವ ಮುಂಚೆ 'ಪೂರ್ತಿ ಇತ್ಯರ್ಥ' ಎಂದು ಬರೆಸಿಕೊಳ್ಳಲು ಆತುರ ಬೇಡ.

ಈಗ ಮಾಡಬೇಕಾದ್ದು: ಬಿಲ್ಲಿನ ಪ್ರತಿ ಪಡೆದು ಬಾಕಿ ಚಿಕಿತ್ಸೆಯ ಹಣವನ್ನು ಬ್ಯಾಂಕ್ ಮೂಲಕವೇ ಕೊಡಿ, 'ಚಿಕಿತ್ಸೆಗೆ' ಎಂದು ನಮೂದಿಸಿ. ಕೊಟ್ಟ ಮಾತ್ರಕ್ಕೆ ತಪ್ಪೊಪ್ಪಿಕೊಂಡಂತೆ ಆಗುವುದಿಲ್ಲ. ಆ ಐದು ಸಾವಿರವನ್ನು ಮುಂದಿನ ಸಂಬಳದಲ್ಲಿ ಮುರಿದುಕೊಳ್ಳುವ ಯೋಚನೆ ಇದ್ದರೆ ಬಿಡಿ. ಅಡ್ವಾನ್ಸ್ ಅಂದಿದ್ದೇ ಬೇಡವಾಗಿತ್ತು. ಗೃಹ ವಿಮೆ ಇದ್ದರೆ ಕೆಲಸದವರ ಅಪಘಾತ ಅದರಲ್ಲಿ ಸೇರಿದೆಯೇ ಎಂದು ಪಾಲಿಸಿ ತೆಗೆದು ನೋಡಿ.

ಉಳಿದದ್ದನ್ನು ಮಾತಾಡಿ ಮುಗಿಸುವುದು ನನಗೆ ಸರಿ ಕಾಣುತ್ತದೆ, ಆದರೆ ನಿಮ್ಮ ಹಜಾರದಲ್ಲಿ ಛಾಪಾ ಕಾಗದದ ಮೇಲೆ ಹೆಬ್ಬೆಟ್ಟು ಒತ್ತಿಸಿಕೊಂಡಲ್ಲ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಕೊಟ್ಟರೆ ದಾವೆ ಹೂಡುವ ಮೊದಲೇ ಲೋಕ ಅದಾಲತ್‌ನಲ್ಲಿ ರಾಜಿ ಮಾಡಿಕೊಳ್ಳಬಹುದು. ಅಲ್ಲಿನ ತೀರ್ಪು ಸಿವಿಲ್ ಡಿಕ್ರಿಗೆ ಸಮ, ಮೇಲ್ಮನವಿ ಇಲ್ಲ. ಮಹಿಳೆಯಾದ್ದರಿಂದ ಆದಾಯ ಎಷ್ಟಿದ್ದರೂ ಅವರಿಗೆ ಉಚಿತ ವಕೀಲರು ಸಿಗುತ್ತಾರೆ. ಹೋಗಲಿ ಬಿಡು ಎಂದು ಸುಮ್ಮನಾಗುತ್ತಾರೆ ಎಂದು ಕಾಯಬೇಡಿ: ದಾವೆ ಹೂಡಲು ಸಾಮಾನ್ಯವಾಗಿ ಬಿದ್ದ ದಿನದಿಂದ ಮೂರು ವರ್ಷ ಅವಕಾಶವಿದೆ.