ಹೆಸರನ್ನು ಎಲ್ಲಿ ಕತ್ತರಿಸಬೇಕು?

ಪ್ರಶ್ನೆ: ನನ್ನ ಹೆಸರು ಸಿದ್ಧಲಿಂಗೇಶ್ವರ, ಊರು ಕುಣಿಗಲ್ ತಾಲ್ಲೂಕು. ಎಡೆಯೂರಿಗೆ ಹರಕೆ ಹೊತ್ತ ಮೇಲೆ ಹುಟ್ಟಿದವನೆಂದು ಅಜ್ಜಿ ಇಟ್ಟ ಹೆಸರಿದು. ಈಗ ಹ್ಯಾಂಬರ್ಗ್‌ನಲ್ಲಿ ಕೆಲಸದಲ್ಲಿದ್ದೇನೆ. ಸಹೋದ್ಯೋಗಿಗಳಿಗೆ ಇದನ್ನು ಹೇಳಲಾಗದೆ ‘ಸಿಡ್’ ಎನ್ನಲೇ ಎಂದು ಕೇಳುತ್ತಿದ್ದಾರೆ. ಒಪ್ಪಿಕೊಂಡರೆ ಅಪ್ಪ ನೊಂದುಕೊಳ್ಳುತ್ತಾರೆ. ಏನು ಮಾಡಲಿ?

ಉತ್ತರ: ‘ಸಿಡ್’ ಬೇಡ, ‘ಸಿದ್ಧ’ ಎಂದು ಕರೆಯಲು ಹೇಳಿ.

ನಿಮ್ಮ ಹೆಸರು ಸಿದ್ಧ, ಲಿಂಗ, ಈಶ್ವರ ಎಂಬ ಮೂರು ಪದಗಳ ಸಮಾಸ. ಒಂದು ಪದ ಮುಗಿಯುವ ಗಿಣ್ಣಿನಲ್ಲಿ ಕತ್ತರಿಸಿದರೆ ಉಳಿದ ತುಂಡಿಗೂ ಅರ್ಥವಿರುತ್ತದೆ. ಗಿಣ್ಣು ತಪ್ಪಿದರೆ ಬರಿಯ ಸದ್ದು ಉಳಿಯುತ್ತದೆ. ‘ಸಿದ್ಧ’ ಎಂದರೆ ಸಾಧನೆಯನ್ನು ಪೂರೈಸಿದವನು, ಎಡೆಯೂರಿನಲ್ಲಿ ಸಮಾಧಿಸ್ಥರಾದ ತೋಂಟದ ಸಿದ್ಧಲಿಂಗ ಯತಿಗಳ ಹೆಸರು ಆರಂಭವಾಗುವುದೂ ಆ ಪದದಿಂದಲೇ.

ಜರ್ಮನ್ನರ ನಾಲಿಗೆಗೂ ಇದೇ ಅನುಕೂಲ. ಅವರ ಭಾಷೆಯಲ್ಲಿ ಪದದ ಕೊನೆಯ ‘ಡ್’ ಕಾರವು ‘ಟ್’ ಆಗುತ್ತದೆ, ಸ್ವರದ ಮುಂಚೆ ಬರುವ ಮೊದಲ s ಉತ್ತರ ಜರ್ಮನಿಯಲ್ಲಿ z ಆಗುತ್ತದೆ; ಹಾಗಾಗಿ ನೀವು ‘ಸಿಡ್’ ಎಂದು ಬರೆದುಕೊಟ್ಟರೂ ಕಿವಿಗೆ ಬೀಳುವುದು ‘ಜಿಟ್’. ಕೊನೆಯಲ್ಲಿ ಅಕಾರ ಇದ್ದರೆ ‘ಡ’ ಉಳಿದುಕೊಳ್ಳುತ್ತದೆ. ‘ಲಿಂಗೇಶ್’ ಕೂಡ ಅಂದವಾದ ತುಂಡೇ, ಆದರೆ ಅಲ್ಲಿ ng ಎಂಬುದನ್ನು ಮೂಗಿನಲ್ಲೇ ಮುಗಿಸುವುದರಿಂದ ‘ಗ’ ಮಾಯವಾಗುತ್ತದೆ. ‘ಸಿದ್ದೇಶ್’ ಎಂದರೋ, ‘ಜಿದ್ದೇಶ್’ ಆಗಿ ಜಿದ್ದಿನ ಮನುಷ್ಯನೆನಿಸಿಕೊಳ್ಳುವಿರಿ!

ಕಾಗುಣಿತದಲ್ಲಿ ಒಂದು ಎಚ್ಚರವಿರಲಿ. Siddha ಎಂದೇ ಬರೆಯಿರಿ, ಒಂದು d ಬಿಡಬೇಡಿ. ಜರ್ಮನ್‌ನಲ್ಲಿ ಜೋಡಿ ವ್ಯಂಜನವು ಅದರ ಹಿಂದಿನ ಸ್ವರ ಹ್ರಸ್ವವೆಂದು ತಿಳಿಸುತ್ತದೆ. Sida ಎಂದು ಬರೆದರೆ ‘ಜೀಡ’ ಎಂದು ಎಳೆಯುತ್ತಾರೆ. ಅವರು h ಅನ್ನು ನುಂಗಿದರೆ ಬೇಸರ ಬೇಡ, ನಮ್ಮ ತುಮಕೂರು ಸೀಮೆಯಲ್ಲಿಯೂ ‘ಸಿದ್ದ, ಬಾರೋ ಇಲ್ಲಿ’ ಎಂದು ಕೂಗುವವರು ಮಹಾಪ್ರಾಣವನ್ನು ಉಚ್ಚರಿಸುವುದು ಅಪರೂಪ. ಮೊದಲ ‘ಸ’ಕಾರಕ್ಕೆ ಮಾತ್ರ ಒಂದು ಉಪಾಯ ಹೇಳಿಕೊಡಿ: ಅವರು City ಎಂಬ ಎರವಲು ಪದವನ್ನು ‘ಸಿ’ ಎಂದೇ ಆರಂಭಿಸುತ್ತಾರೆ, ‘ಆ ಸಿ’ ಎಂದರೆ ಸಾಕು. ಎರಡು ಸಲ ತಿದ್ದಿದ ಮೇಲೂ z ಬಂದರೆ ಬಿಟ್ಟುಬಿಡಿ.

ಇಮೇಲ್‌ನಲ್ಲಿ ಕಾಣುವ ಹೆಸರನ್ನು Siddha ಎಂದು ಬದಲಿಸಿ, ಸಹಿಯ ಕೆಳಗೆ ಪೂರ್ತಿ Siddhalingeshwara ಇರಲಿ. ತುಂಡು ಎಲ್ಲಿಂದ ಬಂದಿತೆಂದು ಓದಿದವರಿಗೆ ತಾನಾಗಿ ಕಾಣುತ್ತದೆ. ಸಂಬಳ, ವಾಸದ ಪರವಾನಗಿ, ವಿಮಾನದ ಟಿಕೆಟ್ಟುಗಳಲ್ಲಿ ಪಾಸ್‌ಪೋರ್ಟಿನಲ್ಲಿರುವ ಹೆಸರೇ ಅಕ್ಷರಶಃ ಇರಬೇಕು, ಅಲ್ಲಿ ಮೊಟಕು ಹೆಸರು ಸೇರಿದರೆ ತೊಡಕಾಗುತ್ತದೆ.

ತಂದೆಯವರಿಗೆ ಹೊಸ ಹೆಸರು ಇಟ್ಟುಕೊಂಡೆನೆಂದು ಹೇಳಬೇಡಿ. ಊರಿನಲ್ಲಿ ಅಜ್ಜಿ ನಿಮ್ಮನ್ನು ಊಟಕ್ಕೆ ಕೂಗುತ್ತಿದ್ದದ್ದು ಏನೆಂದು ಅವರನ್ನೇ ಕೇಳಿ ನೋಡಿ.