ಆರು ತಿಂಗಳು ಒಂದೇ ರೇಟು: ಸಪ್ಲೈಯರ್ ಹತ್ತಿರ ಹೇಗೆ ಕೇಳುವುದು?

ಪ್ರಶ್ನೆ: ನಮ್ಮದು ಉಪ್ಪಿನಕಾಯಿ ಘಟಕ. ರಟ್ಟಿನ ಬಾಕ್ಸ್‌ಗೆ ₹22 ಕೋಟ್ ಕೊಟ್ಟಿದ್ದಾರೆ, 15 ದಿನ ಮಾತ್ರ ಅಂತೆ. ಆರು ತಿಂಗಳು ಅದೇ ರೇಟು ಕೇಳಬಹುದಾ?

ಉತ್ತರ: ಕೇಳಬಹುದು. ಆದರೆ ಸುಮ್ನೆ "ರೇಟು ಏರಿಸಬೇಡಿ" ಅಂದರೆ ಆಗುವುದಿಲ್ಲ. ಬಾಕ್ಸಿನ ಬೆಲೆಯಲ್ಲಿ ದೊಡ್ಡ ಪಾಲು ಕ್ರಾಫ್ಟ್ ಕಾಗದದ್ದು, ಅದರ ರೇಟು ಏರಿಳಿಯುತ್ತಲೇ ಇರುತ್ತದೆ. ನಿಮ್ಮ ಆರ್ಡರ್ ಖಚಿತವಾದರೆ ಮಾತ್ರ ಅವರು ಧೈರ್ಯವಾಗಿ ಕಾಗದ ಮುಂಗಡ ಖರೀದಿಸುತ್ತಾರೆ.

ಹೀಗೆ ಬರೆಯಿರಿ: "ಸರ್, ತಿಂಗಳಿಗೆ 2,000ದಂತೆ ಆರು ತಿಂಗಳಿಗೆ 12,000 ಬಾಕ್ಸ್ ತಗೊಳ್ತೀವಿ. ಪ್ರತಿ ತಿಂಗಳು 5ನೇ ತಾರೀಕು ಡೆಲಿವರಿ ಬೇಕು. ₹22 ರೇಟು ಅಲ್ಲಿವರೆಗೂ ಹಾಗೇ ಇರಲಿ, ಜಿಎಸ್‌ಟಿ ಬೇರೆ. ನಾವು ಎತ್ತದೆ ಉಳಿದ ಪ್ರಿಂಟ್ ಆದ ಮಾಲಿನ ಹಣ ನಮ್ಮದೇ ಜವಾಬ್ದಾರಿ."

ಕೊನೆಯ ಸಾಲೇ ಮುಖ್ಯ. ನಿಮ್ಮ ಹೆಸರು ಪ್ರಿಂಟ್ ಆದ ಬಾಕ್ಸನ್ನು ಅವರು ಬೇರೆಯವರಿಗೆ ಮಾರಲಾಗದು, ಅಲ್ವಾ? ಹಾಗಾಗಿ ನಿಜವಾಗಿ ಎತ್ತುವಷ್ಟೇ ಹೇಳಿ. 2,000 ಅನುಮಾನವಾದರೆ 1,500 ಅನ್ನಿ.

ಪೂರ್ತಿ ಒಪ್ಪದಿದ್ದರೆ, ಕಾಗದದ ರೇಟು ಶೇ. 5ಕ್ಕಿಂತ ಜಾಸ್ತಿ ಬದಲಾದರೆ ಮಾತ್ರ ಮತ್ತೆ ಮಾತು ಅನ್ನಿ. ಇಳಿದಾಗಲೂ ಅದೇ ನಿಯಮ ಇರಲಿ.

ಒಪ್ಪಿದ ಮೇಲೆ ಖರೀದಿ ಆರ್ಡರ್ ಪತ್ರದಲ್ಲಿ, ಅಂದರೆ ಪಿಒದಲ್ಲಿ, ಬಾಕ್ಸಿನ ಪ್ಲೈ ಅಂದರೆ ಎಷ್ಟು ಪದರ, ಕಾಗದದ ಜಿಎಸ್‌ಎಂ ಅಂದರೆ ಚದರ ಮೀಟರಿಗೆ ಎಷ್ಟು ಗ್ರಾಂ, ಮತ್ತು ಬಾಕ್ಸಿನ ತೂಕ ಬರೆಸಿ. ಕಾಗದ ದುಬಾರಿಯಾದಾಗ ಕೆಲವರು ರೇಟು ಮುಟ್ಟದೆ ಬಾಕ್ಸನ್ನೇ ತೆಳುವು ಮಾಡುತ್ತಾರೆ. ಪ್ರತಿ ಲಾಟಿನಲ್ಲೂ ಹತ್ತು ಬಾಕ್ಸ್ ತೂಗಿ, ಮೊದಲ ಲಾಟಿನ ತೂಕಕ್ಕೆ ಹೋಲಿಸಿ. ಮಳೆಗಾಲದಲ್ಲಿ ರಟ್ಟು ತೇವ ಹೀರಿ ತೂಕ ಸ್ವಲ್ಪ ಏರುತ್ತದೆ, ಆಗ ಒಣಗಿಸಿ ತೂಗಿ.